ಹೊಸ ಫೋನಿನಲ್ಲಿ ಕಾಣೆಯಾಗುವ ಹೆಜ್ಜೆಗಳು

ಗೂಗಲ್ ಫಿಟ್‌ ಆ್ಯಪ್‌ನಲ್ಲಿ ದಾಖಲಾಗುವ ಹೆಜ್ಜೆ, ನಡಿಗೆ, ತೂಕದ ಲೆಕ್ಕ ಸೇರುವುದು ಬಳಕೆದಾರರ ಗೂಗಲ್ ಖಾತೆಗೆ. ಹಳೆಯ ಫೋನಿನಲ್ಲಿ ಒಂದು ಜಿಮೇಲ್ ವಿಳಾಸವಿದ್ದು, ಹೊಸದರಲ್ಲಿ ಇನ್ನೊಂದರಿಂದ ಲಾಗಿನ್ ಆದರೆ ವರ್ಷಗಳ ಇತಿಹಾಸ ಖಾಲಿಯಾಗಿ ಕಾಣುತ್ತದೆ. ಆ ಮಾಹಿತಿ ಅಳಿಸಿಹೋಗಿರುವುದಿಲ್ಲ. ಹಳೆಯ ಖಾತೆಯಲ್ಲೇ ಇರುತ್ತದೆ. ಆ ವಿಳಾಸಕ್ಕೆ ಮರಳಿದರೆ ಮತ್ತೆ ಕಾಣಿಸುತ್ತದೆ.

ಹೆಲ್ತ್ ಕನೆಕ್ಟ್‌ನ ಸಂಗತಿಯೇ ಬೇರೆ. ಬೇರೆ ಬೇರೆ ಆ್ಯಪ್‌ಗಳ ಮಾಹಿತಿಯನ್ನು ಒಂದೆಡೆ ಕೂಡಿಡುವ ಈ ಆಂಡ್ರಾಯ್ಡ್ ಉಗ್ರಾಣ ಫೋನಿನೊಳಗೇ ಇರುತ್ತದೆ. ಫೋನ್ ಕೆಟ್ಟರೆ ಅಥವಾ ರೀಸೆಟ್ ಆದರೆ ಅದರಲ್ಲಿದ್ದದ್ದೂ ಹೋಗಬಹುದು. ಹೊಸದಾಗಿ ಅನುಮತಿ ಪಡೆದ ಆ್ಯಪ್‌ಗೆ ಬೇರೆ ಆ್ಯಪ್‌ಗಳು ಬರೆದಿಟ್ಟ ದಾಖಲೆಯಲ್ಲಿ ಸಾಮಾನ್ಯವಾಗಿ ಹಿಂದಿನ 30 ದಿನಗಳದ್ದಷ್ಟೇ ಸಿಗುತ್ತದೆ. ಅದಕ್ಕೂ ಹಳೆಯದಕ್ಕೆ ಪ್ರತ್ಯೇಕ ಅನುಮತಿ ಬೇಕು. ಗ್ರಾಫ್ ಸರಿಯಾಗಿ ಒಂದು ತಿಂಗಳ ಹಿಂದಕ್ಕೆ ನಿಂತಿದ್ದರೆ ಇದೇ ಕಾರಣವೆಂದು ಮೊದಲು ಅನುಮಾನಿಸಬೇಕು.

ಫಿಟ್‌ನ ಪ್ರತಿಯನ್ನು ಹೊರತೆಗೆಯಲು ಹಳೆಯ ಖಾತೆಯಿಂದ takeout.google.com ತೆರೆದು, ಉಳಿದೆಲ್ಲವನ್ನೂ ಬಿಟ್ಟು ಫಿಟ್ ಒಂದನ್ನೇ ಆರಿಸಿಕೊಳ್ಳಬೇಕು. ಪ್ರತಿ ಸಿದ್ಧವಾದ ಮೇಲೆ ಮಿಂಚಂಚೆಗೆ ಲಿಂಕ್ ಬರುತ್ತದೆ. ಅದಕ್ಕೆ ಅವಧಿಯಿರುವುದರಿಂದ ಕೂಡಲೇ ಇಳಿಸಿಕೊಳ್ಳಬೇಕು. ಜಿಪ್ ಕಡತದೊಳಗೆ ದಿನವಾರು ಲೆಕ್ಕ CSV ಆಗಿಯೂ, ಓಟ-ನಡಿಗೆಗಳು TCX ಆಗಿಯೂ ಇರುತ್ತವೆ. ಮೊದಲನೆಯದನ್ನು ಎಕ್ಸೆಲ್‌ನಲ್ಲಿ ಓದಬಹುದು. ಎರಡನೆಯದನ್ನು ಸ್ಟ್ರಾವಾದಂಥ ತಾಣಗಳು ಸ್ವೀಕರಿಸುತ್ತವೆ. ಇಡೀ ಕಟ್ಟನ್ನು ಮತ್ತೊಂದು ಖಾತೆಯ ಫಿಟ್‌ಗೆ ನೇರವಾಗಿ ತುಂಬುವ ಬಾಗಿಲನ್ನು ಮಾತ್ರ ಗೂಗಲ್ ಇಟ್ಟಿಲ್ಲ.