ಮಹದಾಯಿಯ ಹೆಸರಿನ ಹಾಯಿ, ಕಾರವಾರದ ಚೌಕ ಹಾಯಿ

ಬೆಳಗಾವಿಯ ಕ್ಯಾಂಪ್‌ನಲ್ಲಾಗಲಿ ಖಾನಾಪುರದ ಪೇಟೆಯಲ್ಲಾಗಲಿ ಮಹದಾಯಿ ಎಂದೊಡನೆ ಕಳಸಾ–ಬಂಡೂರಿಯ ಮಾತು ಏಳುತ್ತದೆ. ಆದರೆ ಖಾನಾಪುರ ತಾಲ್ಲೂಕಿನ ಕಾಡಿನಲ್ಲಿ ಹುಟ್ಟುವ ಈ ನದಿಯ ಹೆಸರು ಹೊತ್ತ ದೋಣಿಯೊಂದು ಭೂಮಿಯನ್ನೇ ಸುತ್ತಿ ಬಂದಿದೆ. ನೌಕಾಪಡೆಯ ‘ಮ್ಹಾದೇಯಿ’ಯನ್ನು ಕಟ್ಟಿದ್ದು ಗೋವಾದ ದಿವಾರ್ ದ್ವೀಪದಲ್ಲಿ, ಅಂದರೆ ಇದೇ ನದಿ ಮಾಂಡೋವಿಯಾಗಿ ಸಮುದ್ರ ಸೇರುವ ಮುನ್ನ ಹಾಯುವ ಜಾಗದಲ್ಲಿ. 2009–10ರಲ್ಲಿ ದಿಲೀಪ್ ದೋಂಡೆ ಇದರಲ್ಲಿ ಒಬ್ಬರೇ ಪ್ರಪಂಚ ಸುತ್ತಿದರು. 2012–13ರಲ್ಲಿ ಅಭಿಲಾಷ್ ಟೋಮಿ ಎಲ್ಲಿಯೂ ನಿಲ್ಲದೆ ಸುತ್ತಿದರು.

ಅದೇ ದಿವಾರ್‌ನಲ್ಲಿ 2023ರಲ್ಲಿ ಬೇರೆಯೇ ಜಾತಿಯ ಹಡಗೊಂದರ ಕೆಲಸ ಶುರುವಾಯಿತು. ಅಜಂತಾದ ಚಿತ್ರವೊಂದನ್ನು ಮಾದರಿಯಾಗಿಟ್ಟುಕೊಂಡು, ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿದು ಕಟ್ಟಿದ ‘ಕೌಂಡಿನ್ಯ’ ಅದು. 2025ರ ಮೇ 21ರಂದು ಕಾರವಾರದ ನೌಕಾನೆಲೆಯಲ್ಲಿ ನೌಕಾಪಡೆಗೆ ಸೇರಿತು.

ಎರಡನ್ನೂ ಅಕ್ಕಪಕ್ಕ ನಿಲ್ಲಿಸಿದರೆ ವ್ಯತ್ಯಾಸ ಹಾಯಿಯಲ್ಲೇ ಕಾಣುತ್ತದೆ. ಕೌಂಡಿನ್ಯದಲ್ಲಿ ಕೂವೆಕಂಬಕ್ಕೆ ಅಡ್ಡಮರ ಕಟ್ಟಿ, ಅದರಿಂದ ಚೌಕ ಹಾಯಿಯನ್ನು ಇಳಿಬಿಟ್ಟಿದ್ದಾರೆ. ಹಾಯಿ ಹಡಗಿನ ಅಗಲಕ್ಕೆ ಹರಡಿಕೊಳ್ಳುತ್ತದೆ. ಮ್ಹಾದೇಯಿಯ ಹಾಯಿಗಳು ಹಡಗಿನ ಉದ್ದಕ್ಕೆ ನಿಲ್ಲುವ ತ್ರಿಕೋನಗಳು. ದೊಡ್ಡದರ ಒಂದು ಅಂಚು ಕಂಬಕ್ಕೆ, ಕೆಳ ಅಂಚು ಬೂಮ್ ಎಂಬ ಅಡ್ಡಕೋಲಿಗೆ ಅಂಟಿಕೊಂಡಿದ್ದರೆ, ಇನ್ನೊಂದು ಹಾಯಿ ಕಂಬದ ಮುಂದಿನ ಬಿಗಿಹಗ್ಗದ ಮೇಲೆ ನಿಲ್ಲುತ್ತದೆ.

ಗಾಳಿಗೆ ಎದುರಾಗಿ ನೇರವಾಗಿ ಹೋಗುವುದು ಯಾವ ಹಾಯಿಗೂ ಆಗದು. ಎಷ್ಟು ಹತ್ತಿರ ಹೋಗಬಲ್ಲದು ಎಂಬುದೇ ಪ್ರಶ್ನೆ. ತ್ರಿಕೋನ ಹಾಯಿಯ ದೋಣಿ ಗಾಳಿಯಿಂದ ಸುಮಾರು 45 ಡಿಗ್ರಿಯವರೆಗೆ ಮೂತಿ ತಿರುಗಿಸಬಲ್ಲದು. ಉಬ್ಬಿದ ಹಾಯಿಯ ಮೇಲೆ ಗಾಳಿ ಬಳಸಿ ಹರಿದು ಎಳೆತ ಹುಟ್ಟಿಸುತ್ತದೆ, ನೀರೊಳಗೆ ಆಳಕ್ಕಿಳಿದ ಭಾರದ ಕೀಲ್ ದೋಣಿ ಪಕ್ಕಕ್ಕೆ ಜಾರದಂತೆ ತಡೆಯುತ್ತದೆ. ಚೌಕ ಹಾಯಿಯ ಅಡ್ಡಮರವನ್ನು ಅಷ್ಟು ತಿರುಗಿಸಲು ಹೋದರೆ ಕಂಬವನ್ನು ಹಿಡಿದಿರುವ ಹಗ್ಗಗಳೇ ಅಡ್ಡ ಬರುತ್ತವೆ. ಹೀಗಾಗಿ ಅದರ ಮಿತಿ ಸಾಮಾನ್ಯವಾಗಿ 65 ಡಿಗ್ರಿಯ ಆಸುಪಾಸು.

ಇಪ್ಪತ್ತು ಡಿಗ್ರಿ ತಾನೇ ಎನ್ನಬೇಡಿ. ಗಾಳಿ ಬರುವ ದಿಕ್ಕಿನಲ್ಲಿಯೇ 100 ಮೈಲಿ ಹೋಗಬೇಕೆಂದರೆ ಎಡಕ್ಕೆ, ಬಲಕ್ಕೆ ಅಂಕುಡೊಂಕಾಗಿ ಸಾಗಬೇಕು. 45 ಡಿಗ್ರಿಯ ದೋಣಿ ಅದಕ್ಕೆ ಸುಮಾರು 141 ಮೈಲಿ ಓಡುತ್ತದೆ, 65 ಡಿಗ್ರಿಯದು ಸುಮಾರು 237 ಮೈಲಿ. ಪಕ್ಕಕ್ಕೆ ಜಾರುವ ನಷ್ಟ ಬೇರೆ.

ಕೌಂಡಿನ್ಯದ ಮೊದಲ ದೊಡ್ಡ ಯಾನವನ್ನೇ ನೋಡಿ. ಅದು 2025ರ ಡಿಸೆಂಬರ್ 29ರಂದು ಪೋರಬಂದರಿನಿಂದ ಒಮಾನಿನ ಮಸ್ಕತ್ ಕಡೆಗೆ ಹೊರಟಿತು. ದಾರಿ ಪಶ್ಚಿಮಕ್ಕೆ, ತುಸು ಉತ್ತರಕ್ಕೆ ವಾಲಿದ್ದು. ಆ ಕಾಲದಲ್ಲಿ ಅರಬ್ಬಿ ಸಮುದ್ರದ ರೂಢಿಯ ಗಾಳಿ ಈಶಾನ್ಯದ್ದು. ಲೆಕ್ಕ ಹಾಕಿದರೆ ಅದು ಹಡಗಿನ ಬಲ ಹಿಂಬದಿಯಿಂದ ಬೀಸುತ್ತದೆ. ಚೌಕ ಹಾಯಿಗೆ ಇದಕ್ಕಿಂತ ಹಿತವಾದ ಗಾಳಿ ಇಲ್ಲ. ಅದೇ ಗಾಳಿಯಲ್ಲಿ ಮರಳಲು ಹೊರಟರೆ ಮೂತಿಗೂ ಗಾಳಿಗೂ ನಡುವೆ ಉಳಿಯುವುದು ಸುಮಾರು 56 ಡಿಗ್ರಿ. ಮ್ಹಾದೇಯಿ ನೇರ ಬರಬಲ್ಲದು, ಚೌಕ ಹಾಯಿಯ ಹಡಗು ಬರಲಾರದು. ಗಾಳಿ ನೈಋತ್ಯಕ್ಕೆ ತಿರುಗಿದರೆ ಮಾತ್ರ ಮತ್ತೆ ಹಿಂಬದಿಯ ಗಾಳಿ ಸಿಗುತ್ತದೆ. ಹಳೆಯ ಕಾಲದ ವರ್ತಕರು ತಿಂಗಳುಗಟ್ಟಲೆ ಪರದೇಶದ ಬಂದರಿನಲ್ಲಿ ಕಾದಿದ್ದು ವ್ಯಾಪಾರಕ್ಕಾಗಿ ಮಾತ್ರವಲ್ಲ.

ಚೌಕ ಹಾಯಿಯವರು ಕಣ್ಣಿಡುವುದು ಗಾಳಿ ಬರುವ ಬದಿಯ ಅಂಚಿನ ಮೇಲೆ. ಅದು ಅದುರತೊಡಗಿದರೆ ಮಿತಿ ಮುಟ್ಟಿತು ಎಂದರ್ಥ. ಕೂಡಲೇ ಮೂತಿಯನ್ನು ಗಾಳಿಯಿಂದ ಆಚೆ ತಿರುಗಿಸದಿದ್ದರೆ ಗಾಳಿ ಹಾಯಿಯ ಮುಂಭಾಗಕ್ಕೆ ಬಡಿದು ಅದನ್ನು ಕಂಬಕ್ಕೇ ಒತ್ತುತ್ತದೆ. ಹಡಗು ನಿಂತು, ಹಿಂದಕ್ಕೂ ಸರಿಯಬಹುದು, ಜೋರು ಗಾಳಿಯಲ್ಲಿ ಕಂಬ ಮುರಿಯಲೂಬಹುದು.

ಹಾಗೆಂದು ತ್ರಿಕೋನ ಹಾಯಿಯೇ ಮೇಲು ಎಂದು ತೀರ್ಪು ಕೊಡುವುದು ಅವಸರವಾದೀತು. ಅದರ ಕಷ್ಟ ಗಾಳಿ ಬೆನ್ನಿಗೆ ಬಂದಾಗ. ದಕ್ಷಿಣ ಸಾಗರದ ಬಿರುಸಾದ ಪಡುವಣ ಗಾಳಿಯನ್ನು ಬೆನ್ನಿಗಿಟ್ಟುಕೊಂಡೇ ಮ್ಹಾದೇಯಿ ಪೂರ್ವಕ್ಕೆ ಸಾಗಬೇಕಿತ್ತು. ಇಂಥ ಗಾಳಿಯಲ್ಲಿ ದೊಡ್ಡ ಹಾಯಿಯ ಮರೆಗೆ ಬಿದ್ದ ಮುಂದಿನ ಹಾಯಿ ಸೊರಗಿ ಜೋಲುತ್ತದೆ. ಅಲೆಗೆ ದೋಣಿ ತುಸು ಹೊರಳಿದರೂ ಗಾಳಿ ದೊಡ್ಡ ಹಾಯಿಯ ಇನ್ನೊಂದು ಮಗ್ಗುಲಿಗೆ ನುಗ್ಗುತ್ತದೆ. ಆಗ ಬೂಮ್ ಒಂದೇ ಏಟಿಗೆ ಆಚೆಗೆ ಬಡಿದು, ದಾರಿಯಲ್ಲಿ ಸಿಕ್ಕ ತಲೆಯನ್ನೂ ಹಗ್ಗವನ್ನೂ ಬಿಡುವುದಿಲ್ಲ. ಅದಕ್ಕೆಂದೇ ಬೂಮನ್ನು ಮುಂಭಾಗಕ್ಕೆ ಹಗ್ಗದಿಂದ ಬಿಗಿಯುತ್ತಾರೆ. ಚೌಕ ಹಾಯಿಗೆ ಈ ಕಾಟವಿಲ್ಲ, ಬೆನ್ನಗಾಳಿಯಲ್ಲಿ ಅದು ಕಂಬದ ಎರಡೂ ಬದಿಗೆ ಸಮನಾಗಿ ಉಬ್ಬಿ ನಿಲ್ಲುತ್ತದೆ.

ಎರಡನ್ನೂ ಒಟ್ಟಿಗೆ ನೋಡಬೇಕೆನ್ನುವವರು ನೌಕಾಪಡೆಯ ತರಬೇತಿ ಹಡಗು ‘ತರಂಗಿಣಿ’ಯ ಚಿತ್ರ ಗಮನಿಸಬೇಕು. ಗೋವಾ ಶಿಪ್‌ಯಾರ್ಡ್ ಕಟ್ಟಿದ, 1997ರಲ್ಲಿ ಸೇವೆಗೆ ಸೇರಿದ ಈ ಮೂರು ಕಂಬದ ಹಡಗಿನಲ್ಲಿ ಮುಂದಿನ ಎರಡು ಕಂಬಗಳಿಗೆ ಚೌಕ ಹಾಯಿಗಳಿವೆ, ಹಿಂದಿನದಕ್ಕೆ ಹಡಗಿನ ಉದ್ದಕ್ಕೆ ನಿಲ್ಲುವ ಹಾಯಿ. ಅದರ ನೆಲೆ ಕೊಚ್ಚಿ.