ಎಡಕ್ಕೆ ಪ್ರಸಂಗ, ಬಲಕ್ಕೆ ವಿಧಿ

ಪೌರನೀತಿಯ ಪ್ರಶ್ನೆಹಾಳೆಯಲ್ಲಿ 'ಹೊಂದಿಸಿ ಬರೆಯಿರಿ' ಇದ್ದರೆ ಮಕ್ಕಳಿಗೆ ಸಮಾಧಾನ. ಒಂದು ಕಡೆ ವಿಧಿಯ ಸಂಖ್ಯೆ, ಇನ್ನೊಂದು ಕಡೆ ಅದರ ಹೆಸರು ಇದ್ದುಬಿಟ್ಟರೆ ಬಾಯಿಪಾಠವೇ ಸಾಕು. ಎಡಗಡೆ ಸಂಖ್ಯೆಯ ಬದಲು ಮೂರು ಸಾಲಿನ ಪ್ರಸಂಗ ಕೊಟ್ಟರೆ ಮಾತ್ರ ಜಾಣ ಮಕ್ಕಳೂ ತಡವರಿಸುತ್ತಾರೆ. ಸ್ಪರ್ಧಾತ್ಮಕ ಪರೀಕ್ಷೆಗೆ ಕೂರುವ ಪದವೀಧರರದ್ದೂ ಅದೇ ಪಾಡು.

ತಡವರಿಸಲು ಕಾರಣವಿದೆ. ಪ್ರಸಂಗದಲ್ಲಿ 'ಮಗು' ಎಂದು ಕಂಡ ಕೂಡಲೇ ಬಲಗಡೆ ಮಕ್ಕಳಿಗೆ ಸಂಬಂಧಿಸಿದ ವಿಧಿ ಯಾವುದೆಂದು ಹುಡುಕುತ್ತೇವೆ. 'ಕೂಲಿ' ಎಂದು ಕಂಡರೆ ಕೂಲಿಯ ವಿಧಿ. ಆದರೆ ಸಂವಿಧಾನದಲ್ಲಿ ಒಂದೊಂದು ವಿಷಯ ಎರಡೆರಡು ಕಡೆ ಕೂತಿದೆ. 12ರಿಂದ 35ರವರೆಗಿನ ಮೂರನೇ ಭಾಗದಲ್ಲಿ ಮೂಲಭೂತ ಹಕ್ಕುಗಳು, 36ರಿಂದ 51ರವರೆಗಿನ ನಾಲ್ಕನೇ ಭಾಗದಲ್ಲಿ ರಾಜ್ಯ ನೀತಿ ನಿರ್ದೇಶಕ ತತ್ವಗಳು. ಮಗು ಎರಡೂ ಕಡೆ ಇದೆ, ಕೂಲಿಯೂ ಎರಡೂ ಕಡೆ ಇದೆ. ಹಾಗಾಗಿ ವಿಷಯ ನೋಡಿ ಗೆರೆ ಎಳೆಯುವವರು ಎಡವುವುದು ಖಂಡಿತ. ನೋಡಬೇಕಾದ್ದು ಬೇರೆ: ಪ್ರಸಂಗದಲ್ಲಿ ಒಬ್ಬರಿಗೆ ಅನ್ಯಾಯ ನಡೆದುಹೋಗಿದೆಯೇ, ಅಥವಾ ಸರ್ಕಾರ ಮುಂದೆ ಹೀಗೆ ಮಾಡಲಿ ಎಂಬ ಆಶಯ ಮಾತ್ರ ಇದೆಯೇ? ಅನ್ಯಾಯ ನಡೆದಿದ್ದರೆ, ಮಾಡಿದವರು ಯಾರು? ನಿರ್ದೇಶಕ ತತ್ವಗಳನ್ನು ಯಾವ ನ್ಯಾಯಾಲಯದ ಮೂಲಕವೂ ಜಾರಿ ಮಾಡಿಸಲಾಗದು ಎಂದು 37ನೇ ವಿಧಿ ನೇರವಾಗಿಯೇ ಹೇಳುತ್ತದೆ. ಆಡಳಿತಕ್ಕೆ ಅವು ಮೂಲಾಧಾರ ಎಂದೂ ಅದೇ ವಿಧಿ ಸೇರಿಸುತ್ತದೆ.

ಇದನ್ನು ಕಲಿಸಲು ಕಲ್ಪಿತ ರಾಮ, ಸೀತೆಯರ ಪ್ರಸಂಗಗಳಿಗಿಂತ ನಿಜವಾಗಿ ನಡೆದ ಒಂದು ಪ್ರಕರಣವೇ ಒಳ್ಳೆಯದು ಎಂಬುದು ನನ್ನ ಎಣಿಕೆ. 1982ರಲ್ಲಿ ದೆಹಲಿಯಲ್ಲಿ ಏಷ್ಯನ್ ಕ್ರೀಡಾಕೂಟ ನಡೆಯಬೇಕಿತ್ತು. ಕ್ರೀಡಾಂಗಣ, ಮೇಲ್ಸೇತುವೆ, ಕ್ರೀಡಾಪಟುಗಳ ವಸತಿ ಎಂದು ಊರೆಲ್ಲ ಕಾಮಗಾರಿ. ಸರ್ಕಾರಿ ಸಂಸ್ಥೆಗಳು ಗುತ್ತಿಗೆದಾರರಿಗೆ ಕೆಲಸ ವಹಿಸಿದ್ದವು. ಗುತ್ತಿಗೆದಾರರು ಜಮಾದಾರರ ಮೂಲಕ, ನಮ್ಮ ಕಡೆಯ ಮಾತಿನಲ್ಲಿ ಮೇಸ್ತ್ರಿಗಳ ಮೂಲಕ, ಬೇರೆ ಬೇರೆ ರಾಜ್ಯಗಳಿಂದ ಆಳುಗಳನ್ನು ತಂದಿದ್ದರು. ಅಲ್ಲಿನ ಸ್ಥಿತಿಗತಿ ನೋಡಿ ಬಂದ ಮೂವರು ಸಮಾಜವಿಜ್ಞಾನಿಗಳ ವರದಿಯನ್ನು ಆಧರಿಸಿ ಪೀಪಲ್ಸ್ ಯೂನಿಯನ್ ಫಾರ್ ಡೆಮಾಕ್ರಟಿಕ್ ರೈಟ್ಸ್ ಸಂಸ್ಥೆ ನ್ಯಾಯಮೂರ್ತಿ ಪಿ.ಎನ್. ಭಗವತಿ ಅವರಿಗೆ ಪತ್ರ ಬರೆಯಿತು. ಸುಪ್ರೀಂ ಕೋರ್ಟ್ ಆ ಪತ್ರವನ್ನೇ 32ನೇ ವಿಧಿಯ ರಿಟ್ ಅರ್ಜಿ ಎಂದು ಪರಿಗಣಿಸಿ, ಅದೇ ವರ್ಷದ ಸೆಪ್ಟೆಂಬರಿನಲ್ಲಿ ತೀರ್ಪು ಕೊಟ್ಟಿತು. ಪತ್ರದಲ್ಲಿದ್ದ ದೂರುಗಳನ್ನು ಒಂದೊಂದಾಗಿ ಹಾಳೆಯ ಎಡಗಡೆ ಬರೆದುಕೊಳ್ಳೋಣ.

ಮೊದಲ ದೂರು: ಕನಿಷ್ಠ ಕೂಲಿ ದಿನಕ್ಕೆ 9 ರೂಪಾಯಿ 25 ಪೈಸೆ. ಗುತ್ತಿಗೆದಾರ ಅಷ್ಟನ್ನೂ ಜಮಾದಾರನ ಕೈಗೆ ಕೊಡುತ್ತಾನೆ. ಜಮಾದಾರ ತಲೆಗೆ ಒಂದು ರೂಪಾಯಿ ಕಮಿಷನ್ ಮುರಿದುಕೊಳ್ಳುತ್ತಾನೆ. ಆಳಿನ ಕೈಗೆ ಸಿಗುವುದು 8 ರೂಪಾಯಿ 25 ಪೈಸೆ.

ಇದಕ್ಕೆ ಹೆಚ್ಚಿನವರು ಎಳೆಯುವ ಗೆರೆ 43ನೇ ವಿಧಿಗೆ. ಕಾರ್ಮಿಕರಿಗೆ ಬದುಕಲು ಸಾಲುವ ಕೂಲಿ ಸಿಗುವಂತೆ ಮಾಡಲು ರಾಜ್ಯ ಪ್ರಯತ್ನಿಸಬೇಕು ಎನ್ನುವ ವಿಧಿ ಅದು. ಮೇಲ್ನೋಟಕ್ಕೆ ಸರಿಹೊಂದುತ್ತದೆ ಕೂಡ. ಆದರೆ ಇಲ್ಲಿ ಯಾರೂ 'ಕೂಲಿ ಹೆಚ್ಚಿಸುವ ನೀತಿ ತನ್ನಿ' ಎಂದು ಕೇಳುತ್ತಿಲ್ಲ. ಕಾನೂನು ಆಗಲೇ ಗೊತ್ತುಮಾಡಿದ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸಿಕೊಂಡಿದ್ದಾರೆ. ನ್ಯಾಯಾಲಯ ಈ ದೂರನ್ನು ಹೊಂದಿಸಿದ್ದು 23ನೇ ವಿಧಿಗೆ, ಅಂದರೆ ಬಿಟ್ಟಿ ಚಾಕರಿ ಮತ್ತು ಬಲವಂತದ ದುಡಿಮೆಯ ನಿಷೇಧಕ್ಕೆ. ಯಾರೂ ಹೊಡೆದು ಬಡಿದು ದುಡಿಸಿರಲಿಲ್ಲ, ಒಂದಿಷ್ಟು ಕೂಲಿಯನ್ನೂ ಕೊಟ್ಟಿದ್ದರು. ಹಾಗಿರುವಾಗ ಇದು ಬಲವಂತ ಹೇಗಾಯಿತು? ತೀರ್ಪಿನ ವಾದ ಇಲ್ಲಿ ಸೊಗಸಾಗಿದೆ. ನ್ಯಾಯವಾಗಿ ಬರಬೇಕಾದ ಕನಿಷ್ಠ ಕೂಲಿಗಿಂತ ಕಡಿಮೆಗೆ ಯಾರೂ ಸುಮ್ಮನೆ ಒಪ್ಪಿ ದುಡಿಯುವುದಿಲ್ಲ. ಒಪ್ಪಿದ್ದಾರೆ ಎಂದರೆ ಹಸಿವು, ಬಡತನ ಅವರನ್ನು ಅಲ್ಲಿಗೆ ತಳ್ಳಿದೆ. ಬೇರೆ ದಾರಿಯೇ ಇಲ್ಲದಂತೆ ಮಾಡುವ ಆ ಒತ್ತಡವೂ ಬಲವಂತವೇ ಎಂದಿತು ಕೋರ್ಟು.

ಎರಡನೆಯದು: ಹೆಂಗಸರಿಗೆ ದಿನಕ್ಕೆ ಏಳೇ ರೂಪಾಯಿ, ಮಿಕ್ಕಿದ್ದು ಜಮಾದಾರನ ಜೇಬಿಗೆ. ಗೈಡುಗಳೆಲ್ಲ ಕೊಡುವ ಉತ್ತರ 39(ಡಿ), ಗಂಡಿಗೂ ಹೆಣ್ಣಿಗೂ ಸಮಾನ ಕೆಲಸಕ್ಕೆ ಸಮಾನ ವೇತನ ಎಂಬ ನಿರ್ದೇಶಕ ತತ್ವ. ತಪ್ಪು ಎನ್ನಲಾಗದು, ಆದರೆ ಪೂರ್ತಿ ಸರಿಯೂ ಅಲ್ಲ. 1976ರ ಸಮಾನ ವೇತನ ಕಾಯ್ದೆ ಆಗಲೇ ಜಾರಿಯಲ್ಲಿತ್ತು. ಆ ಕಾಯ್ದೆ 14ನೇ ವಿಧಿಯ ಸಮಾನತೆಯ ತತ್ವದ್ದೇ ರೂಪ, ಅದನ್ನು ಮುರಿದರೆ 14ನೇ ವಿಧಿಯನ್ನೇ ಮುರಿದಂತೆ ಎಂಬ ಜಾಡು ಹಿಡಿದು ನ್ಯಾಯಾಲಯ ನಡೆಯಿತು. 'ಸಮಾನ ವೇತನ ಸಿಗುವಂತೆ ರಾಜ್ಯ ತನ್ನ ನೀತಿ ರೂಪಿಸಬೇಕು' ಎಂದು ಪ್ರಸಂಗ ಹೇಳಿದರೆ 39(ಡಿ). ಕೆಲಸಗಾರ್ತಿಯೊಬ್ಬಳು ತನಗಾದ ತಾರತಮ್ಯವನ್ನು ಹಿಡಿದು ಕೋರ್ಟಿನ ಮೆಟ್ಟಿಲು ಹತ್ತಿದ್ದಾಳೆ ಎಂದರೆ ಗೆರೆ 14ರ ಕಡೆ ತಿರುಗಬೇಕು. ಬಲಗಡೆ ಇವೆರಡೂ ಇಲ್ಲದೆ ಒಂದೇ ಇದ್ದರೆ ಇದ್ದುದಕ್ಕೆ ಎಳೆಯಿರಿ. ಹಾಳೆ ತಯಾರಿಸಿದವರ ಮನಸ್ಸಿನಲ್ಲೂ ಅಷ್ಟೇ ಇತ್ತೆಂದು ಭಾವಿಸಬಹುದು.

ಮೂರನೆಯದೇ ನನಗೆ ಎಲ್ಲಕ್ಕಿಂತ ಇಷ್ಟ. ಕಾಮಗಾರಿಯಲ್ಲಿ 14 ವರ್ಷ ತುಂಬದ ಮಕ್ಕಳೂ ದುಡಿಯುತ್ತಿದ್ದರು. 'ಇದು 24, ಬಾಲಕಾರ್ಮಿಕ ನಿಷೇಧ' ಎಂದು ಯಾರಾದರೂ ಹೇಳುತ್ತಾರೆ. ಆದರೆ ಸರ್ಕಾರದ ಕಡೆಯವರು ಹೂಡಿದ ವಾದ ನೋಡಿ: 1938ರ ಮಕ್ಕಳ ನೌಕರಿ ಕಾಯ್ದೆಯ ಪಟ್ಟಿಯಲ್ಲಿ ಕಟ್ಟಡ ಕೆಲಸದ ಹೆಸರೇ ಇಲ್ಲ, ಆದ್ದರಿಂದ ಕಾಯ್ದೆ ಇಲ್ಲಿ ಲಾಗೂ ಆಗದು. ಕಾಯ್ದೆಯ ಮಟ್ಟಿಗೆ ಆ ಮಾತು ನಿಜವೇ ಆಗಿತ್ತು. 24ನೇ ವಿಧಿ ಮಕ್ಕಳ ಎಲ್ಲ ಬಗೆಯ ದುಡಿಮೆಯನ್ನೂ ನಿಷೇಧಿಸುವುದಿಲ್ಲ. ಕಾರ್ಖಾನೆ, ಗಣಿ ಮತ್ತು ಅಪಾಯಕಾರಿ ಉದ್ಯೋಗ ಎಂಬ ಮೂರನ್ನಷ್ಟೇ ಹೇಳುತ್ತದೆ. ಕಟ್ಟಡ ಕೆಲಸ ಅಪಾಯಕಾರಿ ಎಂಬುದಕ್ಕೆ ಬೇರೆ ಪಟ್ಟಿ ಬೇಕಿಲ್ಲ, ಕಾಯ್ದೆಯಲ್ಲಿ ಇರಲಿ ಬಿಡಲಿ ಸಂವಿಧಾನದ ನಿಷೇಧ ತಾನಾಗಿಯೇ ಅನ್ವಯಿಸುತ್ತದೆ ಎಂದು ಕೋರ್ಟು ಆ ವಾದವನ್ನು ಬದಿಗೆ ಸರಿಸಿತು.

ಈ ಮೂರು ಮಾತುಗಳ ಮಿತಿಯನ್ನು ಹಾಳೆ ತಯಾರಿಸುವವರು ಮರೆತರೆ ಎಡವಟ್ಟಾಗುತ್ತದೆ. 'ಹನ್ನೆರಡು ವರ್ಷದ ಹುಡುಗ ಪಟಾಕಿ ಕಾರ್ಖಾನೆಯಲ್ಲಿ ಮದ್ದು ತುಂಬುತ್ತಾನೆ' ಎಂದರೆ 24, ಅನುಮಾನವಿಲ್ಲ. ಅದೇ ಹುಡುಗ ದರ್ಶಿನಿಯಲ್ಲಿ ಲೋಟ ತೊಳೆಯುತ್ತಾನೆ ಎಂದರೆ? ಅದಕ್ಕೆ ಸ್ಪಷ್ಟವಾದ ನಿಷೇಧ ಸಿಗುವುದು ಬಾಲಕಾರ್ಮಿಕ ಕಾಯ್ದೆಯಲ್ಲಿ. 2016ರ ತಿದ್ದುಪಡಿಯ ನಂತರ 14 ವರ್ಷದೊಳಗಿನವರನ್ನು ಯಾವ ಕೆಲಸಕ್ಕೂ ಇಟ್ಟುಕೊಳ್ಳುವಂತಿಲ್ಲ. ಶಾಲೆಯ ಸಮಯ ಬಿಟ್ಟು ಮನೆಯವರಿಗೆ ನೆರವಾಗುವುದು, ಬಾಲನಟರ ಕೆಲಸದಂಥ ಕೆಲವೇ ವಿನಾಯಿತಿಗಳಿವೆ. ಇನ್ನು ಎಳೆಯ ವಯಸ್ಸಿನ ದುರುಪಯೋಗ ಆಗದಂತೆ, ಮಕ್ಕಳು ಘನತೆಯಿಂದ ಬೆಳೆಯುವಂತೆ ರಾಜ್ಯ ನೀತಿ ರೂಪಿಸಲಿ ಎಂಬ ಮಾತು ಬಂದರೆ ಅದು 39(ಇ) ಮತ್ತು 39(ಎಫ್). ಹೀಗೆ ಒಬ್ಬನೇ ಹುಡುಗ ಕೆಲಸ ಬದಲಿಸಿದಂತೆ ಉತ್ತರವೂ ಬದಲಾಗುತ್ತದೆ.

ಈ ಪ್ರಕರಣದಲ್ಲಿ ಇನ್ನೊಂದು ಗಂಟಿತ್ತು. ದುಡಿಸಿಕೊಂಡವರು ಖಾಸಗಿ ಗುತ್ತಿಗೆದಾರರು. ಮೂಲಭೂತ ಹಕ್ಕುಗಳು ಸಾಮಾನ್ಯವಾಗಿ 12ನೇ ವಿಧಿ ಹೇಳುವ 'ರಾಜ್ಯ'ದ ವಿರುದ್ಧ, ಅಂದರೆ ಸರ್ಕಾರ, ಶಾಸಕಾಂಗ, ಸ್ಥಳೀಯ ಸಂಸ್ಥೆ ಮುಂತಾದವುಗಳ ವಿರುದ್ಧ. ಆದರೆ 17, 23 ಮತ್ತು 24 ಖಾಸಗಿಯವರನ್ನೂ ಕಟ್ಟಿಹಾಕುತ್ತವೆ, ಅವನ್ನು ಪಾಲಿಸುವಂತೆ ನೋಡಿಕೊಳ್ಳುವ ಹೊಣೆ ಸರ್ಕಾರದ್ದು ಎಂದು ತೀರ್ಪು ಖಚಿತಪಡಿಸಿತು. ಹಾಳೆ ಬಿಡಿಸುವವರಿಗೆ ಇದು ಬಹಳ ಕೆಲಸಕ್ಕೆ ಬರುವ ಮಾತು. ಪ್ರಸಂಗದಲ್ಲಿ ತಪ್ಪಿತಸ್ಥ ಮಾಲೀಕನೋ ಗುತ್ತಿಗೆದಾರನೋ ಹೋಟೆಲಿನವನೋ ಆಗಿದ್ದರೆ ಹುಡುಕಾಟ ಕೆಲವೇ ವಿಧಿಗಳಿಗೆ ಇಳಿಯುತ್ತದೆ.

ಹೋಟೆಲಿನ ಉದಾಹರಣೆಯನ್ನೇ ತೆಗೆದುಕೊಳ್ಳಿ. ಹಳ್ಳಿಯ ಹೋಟೆಲಿನಲ್ಲಿ ದಲಿತರಿಗೆಂದು ಬೇರೆ ಲೋಟ ಇಟ್ಟಿದ್ದಾರೆ. ಬಲಗಡೆ 15 ಇದೆ, 17ಟೂ ಇದೆ. ಅಂಗಡಿ, ಹೋಟೆಲು, ಬಾವಿ, ಕೆರೆಗಳಿಗೆ ಜಾತಿ ಮುಂತಾದ ಕಾರಣಕ್ಕೆ ಪ್ರವೇಶ ತಡೆಯಬಾರದು ಎಂದು 15(2) ಹೇಳುವುದರಿಂದ ಕೈ ಅಲ್ಲಿಗೆ ಹೋಗುವುದು ಸಹಜ. ಆದರೆ ಇಲ್ಲಿ ಒಳಗೆ ಬಿಟ್ಟಿದ್ದಾರೆ, ಲೋಟ ಬೇರೆ ಮಾಡಿದ್ದಾರೆ. ಅದು ಅಸ್ಪೃಶ್ಯತೆಯ ಆಚರಣೆ, ಆದ್ದರಿಂದ 17. ಧರ್ಮದ ಕಾರಣಕ್ಕೋ ಹುಟ್ಟೂರಿನ ಕಾರಣಕ್ಕೋ ಬಾಗಿಲಲ್ಲೇ ತಡೆದಿದ್ದರೆ 15(2). ಎರಡು ವಿಧಿಗಳು ಹೊಂದುವಂತೆ ಕಂಡಾಗ ಹೆಚ್ಚು ಕರಾರುವಾಕ್ಕಾಗಿ ಕೂರುವುದನ್ನು ಆರಿಸಬೇಕು.

ಶಿಕ್ಷಣದ ಪ್ರಸಂಗಗಳಲ್ಲಿ ವಯಸ್ಸು ನೋಡಿದರೆ ಸಾಕು. 2002ರ 86ನೇ ತಿದ್ದುಪಡಿ ಒಂದೇ ಏಟಿಗೆ ಮೂರು ಕಡೆ ಕೈಹಾಕಿತು. ಏಳು ವರ್ಷದ ಹುಡುಗಿಯನ್ನು ಜನನ ಪ್ರಮಾಣಪತ್ರ ಇಲ್ಲವೆಂದು ಸರ್ಕಾರಿ ಶಾಲೆಗೆ ಸೇರಿಸಿಕೊಳ್ಳಲಿಲ್ಲ ಎಂದರೆ 21ಎ, ಯಾಕೆಂದರೆ ಆ ಹಕ್ಕು 6ರಿಂದ 14 ವರ್ಷದವರದ್ದು. ನಾಲ್ಕು ವರ್ಷದವರ ಪಾಲನೆ, ಕಲಿಕೆ ಎಂದರೆ ಬದಲಾದ 45ನೇ ವಿಧಿ. ಮಗಳನ್ನು ಶಾಲೆ ಬಿಡಿಸಿ ಮನೆಯಲ್ಲಿ ಕೂರಿಸಿಕೊಂಡ ಅಪ್ಪನ ಪ್ರಸಂಗ ಬಂದರೆ 51ಎ(ಕೆ), ಅದು ಹಕ್ಕೂ ಅಲ್ಲ, ನಿರ್ದೇಶಕ ತತ್ವವೂ ಅಲ್ಲ, ಮೂಲಭೂತ ಕರ್ತವ್ಯ. ಹದಿನಾರರ ಹುಡುಗನಿಗೆ ಪಿಯುಸಿ ಸೀಟು ಸಿಗಲಿಲ್ಲ ಎಂಬ ಪ್ರಸಂಗವನ್ನು ಈ ಮೂರರಲ್ಲಿ ಯಾವುದಕ್ಕೂ ಕಟ್ಟಲಾಗದು. ಚುರುಕಾದ ಹಾಳೆಗಳಲ್ಲಿ ಹೀಗೊಂದು ಒಂಟಿ ಪ್ರಸಂಗ ಬೇಕೆಂದೇ ಇರುತ್ತದೆ.

ಕೊನೆಗೆ ಹಳೆಯ ಗೈಡುಗಳ ಬಗ್ಗೆ ಒಂದು ಎಚ್ಚರಿಕೆ. 'ರಸ್ತೆಗೆ ಜಮೀನು ಹೋಯಿತು, ರೈತನಿಗೆ ಪರಿಹಾರ ಬರಲಿಲ್ಲ' ಎಂಬ ಪ್ರಸಂಗಕ್ಕೆ 31ನೇ ವಿಧಿ, ಆಸ್ತಿಯ ಹಕ್ಕು ಎಂದು ಉತ್ತರ ಕೊಡುವ ಪುಸ್ತಕ ಕಂಡರೆ ಪಕ್ಕಕ್ಕಿಡಿ. 1978ರ 44ನೇ ತಿದ್ದುಪಡಿ ಆಸ್ತಿಯ ಹಕ್ಕನ್ನು ಮೂಲಭೂತ ಹಕ್ಕುಗಳ ಪಟ್ಟಿಯಿಂದ ತೆಗೆದು 300ಎ ವಿಧಿಗೆ ಸಾಗಿಸಿತು. ಆ ಹಕ್ಕು ಈಗಲೂ ಇದೆ, ಆದರೆ ಮೂಲಭೂತ ಹಕ್ಕಾಗಿ ಅಲ್ಲ. ಆ ರೈತ ಬರೀ ಆಸ್ತಿಯ ಹಕ್ಕನ್ನೇ ಹಿಡಿದು 32ನೇ ವಿಧಿಯಡಿ ನೇರವಾಗಿ ಸುಪ್ರೀಂ ಕೋರ್ಟಿಗೆ ಹೋಗಲಾರ. 226ನೇ ವಿಧಿಯಡಿ ಹೈಕೋರ್ಟಿಗೆ ಹೋಗಬಹುದು.