ಮೇಷ್ಟ್ರಿಗೆ ನಾಲ್ಕು ಸಾಲು

ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ಹುಡುಗಿಯೊಬ್ಬಳು ಗಣಿತದ ಮೇಷ್ಟ್ರಿಗೆ ಬರೆದ ಮೊದಲ ಕರಡು: "ಜ್ಞಾನಸಾಗರರಾದ ತಮ್ಮ ಪಾದಕಮಲಗಳಿಗೆ ಕೋಟಿ ನಮನ. ತಾವಿಲ್ಲದಿದ್ದರೆ ನಾನು ಶೂನ್ಯ." ಇದನ್ನು ಯಾವ ಮೇಷ್ಟ್ರಿಗೂ ಕಳಿಸಬಹುದು, ತೊಂದರೆ ಇರುವುದೇ ಅಲ್ಲಿ. "ಶೂನ್ಯ" ಅನ್ನುವುದಂತೂ ಅವಳು ಓದಿದ್ದನ್ನೂ ಅಳಿಸಿಹಾಕುತ್ತದೆ. ವಿಶೇಷಣಗಳನ್ನು ಹೊಡೆದುಹಾಕಿ, ಮೇಷ್ಟ್ರು ಮಾಡಿದ ಒಂದೇ ಒಂದು ಕೆಲಸವನ್ನು ನೆನಪಿಸಿಕೊಂಡಾಗ ಪತ್ರ ಹೀಗಾಯಿತು:

"ಸರ್, ನಮಸ್ಕಾರ. ಗಣಿತದಲ್ಲಿ 71 ಬಂತು. ಪ್ರಮೇಯ ಬಾಯಿಪಾಠ ಮಾಡಬೇಡ, ಮೊದಲು ಚಿತ್ರ ಬರಿ ಅಂತ ಹೇಳಿ, ಶನಿವಾರ ಶಾಲೆ ಬಿಟ್ಟ ಮೇಲೂ ಕೂತು ತಿದ್ದಿದಿರಿ. ಪರೀಕ್ಷೆಯಲ್ಲಿ ಥೇಲ್ಸನ ಪ್ರಮೇಯಕ್ಕೆ ಹಾಗೇ ಮಾಡಿದೆ. ತುಂಬಾ ಥ್ಯಾಂಕ್ಸ್ ಸರ್."

ಅಂಕ ಮೊದಲೇ ಹೇಳಿದ್ದು ಸರಿ. ಮೇಷ್ಟ್ರು ಕೇಳುವುದೇ ಅದನ್ನು. ಕೊನೆಗೆ "ಪಿಯುಸಿಗೂ ಸ್ವಲ್ಪ ಹೇಳಿಕೊಡಿ" ಅಂತಿತ್ತು. ಅದನ್ನೂ ತೆಗೆದಳು, ಕೇಳಲು ಬೇರೆ ದಿನ ಇದೆಯಲ್ಲ.